ಮನೆಯಲ್ಲಿ ಮಾಡುವ ಗರ್ಭಧಾರಣೆ ಪರೀಕ್ಷೆ

ಮನೆಯಲ್ಲಿ ಮಾಡುವ ಗರ್ಭಧಾರಣೆ ಪರೀಕ್ಷೆ ಎಂದರೆ ಮೂತ್ರದಲ್ಲಿ ಎಚ್‌ಸಿಜಿ (ಹ್ಯೂಮನ್ ಕೋರಿಯಾನಿಕ್ ಗೊನಾಡೋಟ್ರೋಪಿನ್) ಎಂಬ ಹಾರ್ಮೋನ್ ಇದೆಯೇ ಎಂಬುದನ್ನು ಪಟ್ಟಿಯ ಮೇಲೆ ಮೂಡುವ ಬಣ್ಣದ ಗೆರೆಯಿಂದ ತಿಳಿಯುವ ವಿಧಾನ. ಈ ಪರೀಕ್ಷೆಯು ಗರ್ಭವನ್ನು ನೇರವಾಗಿ ಗುರುತಿಸುವುದಿಲ್ಲ. ಪರೀಕ್ಷೆ ಮಾಡಿದ ಹೊತ್ತಿನಲ್ಲಿ ಮೂತ್ರದಲ್ಲಿದ್ದ ಎಚ್‌ಸಿಜಿ ಒಂದು ನಿರ್ದಿಷ್ಟ ಮಟ್ಟವನ್ನು ದಾಟಿತ್ತೇ ಎಂಬುದನ್ನು ಮಾತ್ರ ಹೇಳುತ್ತದೆ. ತಪ್ಪು ಫಲಿತಾಂಶಗಳಲ್ಲಿ ಹೆಚ್ಚಿನವು ಈ ವ್ಯತ್ಯಾಸದಿಂದಲೇ ಉಂಟಾಗುತ್ತವೆ.

ಔಷಧಿ ಅಂಗಡಿಗಳಲ್ಲಿ ಈ ಕಿಟ್ ವೈದ್ಯರ ಚೀಟಿಯಿಲ್ಲದೆ ದೊರೆಯುತ್ತದೆ. ಭಾರತದಲ್ಲಿ ಸರ್ಕಾರವು ‘ನಿಶ್ಚಯ್’ ಎಂಬ ಹೆಸರಿನ ಕಿಟ್‌ಗಳನ್ನು ಆಶಾ ಕಾರ್ಯಕರ್ತೆಯರು ಮತ್ತು ಆರೋಗ್ಯ ಉಪಕೇಂದ್ರಗಳ ಮೂಲಕ ಒದಗಿಸಿದೆ.

== ಎಚ್‌ಸಿಜಿ ಹಾರ್ಮೋನ್ ==

ಅಂಡಾಶಯದಿಂದ ಹೊರಬಂದ ಅಂಡಾಣು ಫಲಿತವಾದ ಮೇಲೆ ಅಂಡನಾಳದ ಮೂಲಕ ಸಾಗಿ ಗರ್ಭಕೋಶವನ್ನು ಸೇರುತ್ತದೆ ಮತ್ತು ಅದರ ಒಳಪದರದಲ್ಲಿ ನೆಲೆಯೂರುತ್ತದೆ. ಹೆಚ್ಚಿನವರಲ್ಲಿ ಇದು ಅಂಡೋತ್ಪತ್ತಿಯಾದ 8ರಿಂದ 10 ದಿನಗಳಲ್ಲಿ ನಡೆಯುತ್ತದೆ. ಕೆಲವರಲ್ಲಿ 6ನೆಯ ದಿನಕ್ಕೇ ಆಗಬಹುದು, ಇನ್ನು ಕೆಲವರಲ್ಲಿ 12ನೆಯ ದಿನದವರೆಗೂ ತಡವಾಗಬಹುದು. ಮುಂದೆ ಮಾಸು ಆಗಿ ಬೆಳೆಯುವ ಜೀವಕೋಶಗಳು ಈ ಹಂತದಿಂದ ಎಚ್‌ಸಿಜಿಯನ್ನು ತಾಯಿಯ ರಕ್ತಕ್ಕೆ ಬಿಡತೊಡಗುತ್ತವೆ. ಅಂಡಾಶಯವು ಪ್ರೊಜೆಸ್ಟರಾನ್ ಉತ್ಪಾದನೆಯನ್ನು ನಿಲ್ಲಿಸದಂತೆ ನೋಡಿಕೊಳ್ಳುವುದು ಎಚ್‌ಸಿಜಿಯ ಕೆಲಸ. ಇದರಿಂದಾಗಿ ಗರ್ಭಕೋಶದ ಒಳಪದರ ಕಳಚುವುದಿಲ್ಲ, ಮುಟ್ಟು ನಿಲ್ಲುತ್ತದೆ.

ರಕ್ತದಲ್ಲಿರುವ ಎಚ್‌ಸಿಜಿ ಮೂತ್ರಪಿಂಡಗಳ ಮೂಲಕ ಮೂತ್ರಕ್ಕೆ ಬರುತ್ತದೆ. ಮೊದಲ ಕೆಲವು ದಿನಗಳಲ್ಲಿ ಅದರ ಪ್ರಮಾಣ ಸುಮಾರು ದಿನಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಆಮೇಲೆ ಒಂದೂವರೆ ಅಥವಾ ಎರಡು ದಿನಕ್ಕೊಮ್ಮೆ ಇಮ್ಮಡಿಯಾಗುತ್ತಾ ಹೋಗುತ್ತದೆ.

== ಕಾರ್ಯವಿಧಾನ ==

ಪ್ಲಾಸ್ಟಿಕ್ ಕವಚದೊಳಗಿನ ಪಟ್ಟಿ ದ್ರವವನ್ನು ದೀಪದ ಬತ್ತಿಯಂತೆ ಹೀರಿಕೊಳ್ಳುತ್ತದೆ. ‘ಎಸ್’ ಎಂದು ಗುರುತು ಮಾಡಿದ ಕುಳಿಗೆ ಡ್ರಾಪರ್‌ನಿಂದ ಎರಡು ಮೂರು ಹನಿ ಮೂತ್ರ ಹಾಕಿದಾಗ (ಹನಿಗಳ ಸಂಖ್ಯೆ ಕಿಟ್‌ನಿಂದ ಕಿಟ್‌ಗೆ ಬದಲಾಗುತ್ತದೆ) ಅದು ಮೊದಲು ಸೂಕ್ಷ್ಮವಾದ ಚಿನ್ನದ ಕಣಗಳಿರುವ ಭಾಗವನ್ನು ತಲುಪುತ್ತದೆ. ಕಣಗಳಿಗೆ ಎಚ್‌ಸಿಜಿಯನ್ನು ಹಿಡಿಯಬಲ್ಲ ಪ್ರತಿಕಾಯಗಳನ್ನು ಅಂಟಿಸಲಾಗಿರುತ್ತದೆ. ಗೆರೆಗೆ ಕೆನ್ನೇರಳೆ ಬಣ್ಣ ಬರುವುದು ಈ ಕಣಗಳಿಂದ.

ಮೂತ್ರದೊಡನೆ ಮುಂದೆ ಹರಿಯುವ ಕಣಗಳಿಗೆ ‘ಟಿ’ ಗೆರೆಯಲ್ಲಿ ಇನ್ನೊಂದು ಬಗೆಯ ಪ್ರತಿಕಾಯಗಳು ಎದುರಾಗುತ್ತವೆ. ಇವು ಎಚ್‌ಸಿಜಿಯ ಬೇರೊಂದು ಭಾಗವನ್ನು ಹಿಡಿಯುತ್ತವೆ. ಎಚ್‌ಸಿಜಿ ಇದ್ದರೆ ಅದರ ಒಂದು ತುದಿಯಲ್ಲಿ ಚಿನ್ನದ ಕಣ, ಇನ್ನೊಂದು ತುದಿಯಲ್ಲಿ ಪಟ್ಟಿ ಇರುವಂತಾಗಿ ಬಣ್ಣವು ಅಲ್ಲಿಯೇ ನಿಂತು ಗೆರೆ ಮೂಡುತ್ತದೆ. ಎಚ್‌ಸಿಜಿ ಇಲ್ಲದಿದ್ದರೆ ಕಣಗಳು ಅಲ್ಲಿ ನಿಲ್ಲದೆ ಮುಂದೆ ಸಾಗುತ್ತವೆ. ಕೊನೆಯ ‘ಸಿ’ ಗೆರೆಯು ಎಚ್‌ಸಿಜಿ ಇದ್ದರೂ ಇಲ್ಲದಿದ್ದರೂ ಕಣಗಳನ್ನು ಹಿಡಿಯುತ್ತದೆ. ಆದ್ದರಿಂದ ‘ಸಿ’ ಗೆರೆ ಮೂಡದಿದ್ದರೆ ಆ ಕಿಟ್‌ನ ಫಲಿತಾಂಶವನ್ನು ಪರಿಗಣಿಸುವಂತಿಲ್ಲ. ‘ಸಿ’ ಗೆರೆ ಮೂಡಿತೆಂದ ಮಾತ್ರಕ್ಕೆ ಪರೀಕ್ಷೆಯ ದಿನ ಸರಿಯಾಗಿತ್ತು ಎಂದಾಗುವುದಿಲ್ಲ. ದ್ರವ ಹರಿದಿದೆ, ಕಣಗಳು ಕೆಟ್ಟಿಲ್ಲ ಎಂಬುದಷ್ಟೇ ಅದರ ಅರ್ಥ.

== ಪರೀಕ್ಷೆಗೆ ಸೂಕ್ತ ದಿನ ==

ಮುಟ್ಟು ಬರಬೇಕಾಗಿದ್ದ ದಿನ ಕಳೆದ ಮೇಲೆ ಪರೀಕ್ಷಿಸುವುದು ಸೂಕ್ತ. ಒಂದು ವಾರ ಕಾದರೆ ಫಲಿತಾಂಶ ಇನ್ನಷ್ಟು ನಂಬಲರ್ಹವಾಗುತ್ತದೆ. ಕಾರಣವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು.

ಒಬ್ಬ ಮಹಿಳೆಯ ಋತುಚಕ್ರ 28 ದಿನಗಳದ್ದು, ಕಳೆದ ಮುಟ್ಟು ಮಾರ್ಚ್ 1ರಂದು ಆರಂಭವಾಗಿತ್ತು ಎಂದುಕೊಳ್ಳೋಣ. ಮುಂದಿನ ಮುಟ್ಟು ಮಾರ್ಚ್ 29ರಂದು ಬರಬೇಕು. ಅಂಡೋತ್ಪತ್ತಿ ಮಾರ್ಚ್ 15ರಂದು, ಗರ್ಭ ನೆಲೆಯೂರಿದ್ದು 24ರಂದು. ಮೂತ್ರದ ಪ್ರತಿ ಮಿಲಿಲೀಟರಿನಲ್ಲಿ 25ರಂದು 2 ಘಟಕಗಳಷ್ಟು ಎಚ್‌ಸಿಜಿ ಇದ್ದು ದಿನಕ್ಕೊಮ್ಮೆ ಇಮ್ಮಡಿಯಾದರೆ, 27ರಂದು ಅದು 8 ಆಗುತ್ತದೆ, 29ರಂದು 32 ಆಗುತ್ತದೆ. (ಇಲ್ಲಿ ಘಟಕವೆಂದರೆ ಅಂತರರಾಷ್ಟ್ರೀಯ ಘಟಕದ ಸಾವಿರದ ಒಂದು ಭಾಗ.) ಸಾಮಾನ್ಯ ಕಿಟ್‌ಗಳು ಸುಮಾರು 25 ಘಟಕಗಳ ಮಟ್ಟದಿಂದ ಗೆರೆ ತೋರಿಸುತ್ತವೆ. ಹೀಗಾಗಿ 27ರಂದು ಪರೀಕ್ಷಿಸಿದರೆ ‘ಇಲ್ಲ’ ಎಂಬ ಉತ್ತರ ಬರುತ್ತದೆ, ಎರಡೇ ದಿನಗಳ ನಂತರ ತಿಳಿಯಾದ ಗೆರೆ ಮೂಡುತ್ತದೆ.

ಅದೇ ಮಹಿಳೆಗೆ ಆ ತಿಂಗಳು ಜ್ವರದಿಂದಲೋ ಮತ್ತಾವ ಕಾರಣದಿಂದಲೋ ಅಂಡೋತ್ಪತ್ತಿ ಐದು ದಿನ ತಡವಾಗಿ, ಮಾರ್ಚ್ 20ರಂದು ಆಯಿತು ಎನ್ನೋಣ. ಆಗ ಗರ್ಭ ನೆಲೆಯೂರುವುದು ಮಾರ್ಚ್ 29ಕ್ಕೆ. ಕ್ಯಾಲೆಂಡರ್ ನೋಡಿ ಅಂದೇ ಪರೀಕ್ಷಿಸಿದರೆ ಗೆರೆ ಮೂಡಲು ಸಾಧ್ಯವೇ ಇಲ್ಲ. 32 ಘಟಕಗಳ ಮಟ್ಟ ಬರುವುದು ಏಪ್ರಿಲ್ 3ರಂದು. ಅಂದರೆ ಕಿಟ್ ತಪ್ಪಿಲ್ಲ, ದಿನದ ಲೆಕ್ಕ ತಪ್ಪಿದೆ. ಮುಟ್ಟು ಬಾರದೆ, ಪರೀಕ್ಷೆಯಲ್ಲಿಯೂ ‘ಇಲ್ಲ’ ಎಂದು ಬಂದಾಗ ಒಂದು ವಾರದ ನಂತರ ಮತ್ತೊಮ್ಮೆ ಪರೀಕ್ಷಿಸಬೇಕೆನ್ನುವುದು ಇದಕ್ಕಾಗಿಯೇ. ಮುಟ್ಟು ಅನಿಯಮಿತವಾಗಿದ್ದು ದಿನವನ್ನು ಎಣಿಸಲಾಗದವರು ಕೊನೆಯ ಅಸುರಕ್ಷಿತ ಲೈಂಗಿಕ ಸಂಪರ್ಕದಿಂದ 21 ದಿನ ಕಳೆದ ಮೇಲೆ ಪರೀಕ್ಷಿಸಬಹುದು.

ಬೆಳಗ್ಗೆ ಎದ್ದೊಡನೆ ಬರುವ ಮೂತ್ರ ರಾತ್ರಿಯಿಡೀ ಸಂಗ್ರಹವಾಗಿ ಗಾಢವಾಗಿರುವುದರಿಂದ ಆರಂಭದ ದಿನಗಳಲ್ಲಿ ಅದನ್ನೇ ಬಳಸುವುದು ಲೇಸು. ಹೆಚ್ಚು ನೀರು ಕುಡಿದು ಮೂತ್ರ ತರಿಸಿಕೊಂಡರೆ ಎಚ್‌ಸಿಜಿಯೂ ತೆಳುವಾಗುತ್ತದೆ. ಮುಟ್ಟು ತಪ್ಪಿ ವಾರ ಕಳೆದ ಮೇಲೆ ಹೊತ್ತಿನ ಭೇದ ಅಷ್ಟಾಗಿ ಲೆಕ್ಕಕ್ಕೆ ಬರುವುದಿಲ್ಲ.

== ತಪ್ಪು ಫಲಿತಾಂಶಗಳು ==

ಗರ್ಭವಿದ್ದೂ ‘ಇಲ್ಲ’ ಎಂದು ಬರುವುದಕ್ಕೆ ಮುಖ್ಯ ಕಾರಣ ಅವಸರದ ಪರೀಕ್ಷೆ. ಅವಧಿ ಮೀರಿದ ಕಿಟ್, ಪೊಟ್ಟಣ ಒಡೆದು ತೇವ ತಗುಲಿದ ಪಟ್ಟಿ ಇವು ಇತರ ಕಾರಣಗಳು. ಅಪರೂಪಕ್ಕೆ ಇದಕ್ಕೆ ವಿರುದ್ಧವಾದ ಸ್ಥಿತಿಯೂ ಉಂಟು. ಎಚ್‌ಸಿಜಿ ವಿಪರೀತವಾಗಿದ್ದರೆ ಚಿನ್ನದ ಕಣಗಳೂ ‘ಟಿ’ ಗೆರೆಯ ಪ್ರತಿಕಾಯಗಳೂ ಬೇರೆ ಬೇರೆ ಎಚ್‌ಸಿಜಿ ಅಣುಗಳಿಂದ ತುಂಬಿಹೋಗಿ, ಎರಡನ್ನೂ ಜೋಡಿಸುವ ಕೊಂಡಿಯೇ ಉಳಿಯುವುದಿಲ್ಲ. ಗೆರೆ ಮಸುಕಾಗುತ್ತದೆ ಅಥವಾ ಮೂಡುವುದೇ ಇಲ್ಲ. ಮಾಸು ಗುಳ್ಳೆಗಳ ಗೊಂಚಲಿನಂತೆ ಬೆಳೆಯುವ ಮೋಲಾರ್ ಗರ್ಭದಲ್ಲಿ ಹೀಗಾಗುವ ಸಾಧ್ಯತೆಯಿದೆ. ಅದೇ ಮೂತ್ರಕ್ಕೆ ನೀರು ಬೆರೆಸಿ ತೆಳುಮಾಡಿ ಪರೀಕ್ಷಿಸಿದಾಗ ಗೆರೆ ಕಾಣಿಸಿಕೊಳ್ಳುತ್ತದೆ.

ಗರ್ಭವಿಲ್ಲದೆಯೂ ‘ಇದೆ’ ಎಂದು ತೋರುವುದು ಇದಕ್ಕಿಂತ ವಿರಳ. ಬಂಜೆತನದ ಚಿಕಿತ್ಸೆಯಲ್ಲಿ ಎಚ್‌ಸಿಜಿ ಚುಚ್ಚುಮದ್ದು ಪಡೆದವರ ಮೂತ್ರದಲ್ಲಿ ಅದು ಸುಮಾರು ಎರಡು ವಾರ ಉಳಿಯಬಹುದು. ಗರ್ಭಪಾತದ ನಂತರವೂ ಹಾರ್ಮೋನ್ ಇಳಿಯಲು ಕೆಲವು ವಾರಗಳು ಬೇಕಾಗುತ್ತವೆ. ಮುಟ್ಟು ನಿಲ್ಲುವ ವಯಸ್ಸಿನವರಲ್ಲಿ ಪಿಟ್ಯುಟರಿ ಗ್ರಂಥಿಯೂ ಅಲ್ಪ ಪ್ರಮಾಣದ ಎಚ್‌ಸಿಜಿಯನ್ನು ಸ್ರವಿಸಬಲ್ಲದು. ಸಾಮಾನ್ಯ ಗರ್ಭನಿರೋಧಕ ಮಾತ್ರೆಗಳಲ್ಲಿ ಎಚ್‌ಸಿಜಿ ಇರುವುದಿಲ್ಲವಾದ್ದರಿಂದ ಅವುಗಳಿಂದ ಗೆರೆ ಮೂಡುವುದಿಲ್ಲ.

ಓದುವ ಸಮಯವೂ ಮುಖ್ಯ. ಹೆಚ್ಚಿನ ಕಿಟ್‌ಗಳನ್ನು 5 ನಿಮಿಷಕ್ಕೆ ಓದಬೇಕು. ಬಹಳ ಹೊತ್ತು ಬಿಟ್ಟರೆ ಮೂತ್ರ ಆರಿ, ‘ಟಿ’ ಇರುವಲ್ಲಿ ಬೂದು ಬಣ್ಣದ ಗುರುತು ಕಾಣಬಹುದು. ಸಮಯದೊಳಗೆ ಮೂಡಿದ, ಬಣ್ಣವುಳ್ಳ ಗೆರೆ ಎಷ್ಟೇ ತೆಳುವಾಗಿದ್ದರೂ ಅದನ್ನು ‘ಇದೆ’ ಎಂದೇ ಎಣಿಸಿ, ಎರಡು ದಿನ ಬಿಟ್ಟು ಹೊಸ ಕಿಟ್‌ನಲ್ಲಿ ಪರೀಕ್ಷಿಸಲಾಗುತ್ತದೆ. ತೆಳುವಾಗಿ ಕಂಡ ಗೆರೆ ಮತ್ತೆ ಕಾಣದೆ ಮುಟ್ಟು ಬಂದರೆ ಮೊದಲ ಫಲಿತಾಂಶ ಸುಳ್ಳೆಂದು ಹೇಳಲಾಗದು. ನೆಲೆಯೂರಿದ ಗರ್ಭ ಕೆಲವೇ ದಿನಗಳಲ್ಲಿ ಬಿದ್ದುಹೋಗಿರುವ ಸಾಧ್ಯತೆಯೂ ಇದೆ.

== ಪರೀಕ್ಷೆ ಹೇಳದಿರುವುದು ==

ಗರ್ಭ ಎಲ್ಲಿ ನೆಲೆಯೂರಿದೆ ಎಂಬುದು ಗೆರೆಯಿಂದ ತಿಳಿಯುವುದಿಲ್ಲ. ಅದು ಅಂಡನಾಳದಲ್ಲಿ ಸಿಲುಕಿದ್ದರೂ ಫಲಿತಾಂಶ ‘ಇದೆ’ ಎಂದೇ ಬರುತ್ತದೆ. ಅಂತಹ ಗರ್ಭ ಬೆಳೆದು ನಾಳ ಒಡೆದರೆ ಒಳ ರಕ್ತಸ್ರಾವದಿಂದ ಜೀವಕ್ಕೆ ಅಪಾಯವಿದೆ. ಪರೀಕ್ಷೆಯಲ್ಲಿ ‘ಇದೆ’ ಎಂದು ಬಂದ ಮೇಲೆ ಕಿಬ್ಬೊಟ್ಟೆಯ ಒಂದು ಬದಿಯಲ್ಲಿ ತೀವ್ರ ನೋವು, ರಕ್ತಸ್ರಾವ, ಭುಜದ ತುದಿಯಲ್ಲಿ ನೋವು ಅಥವಾ ತಲೆಸುತ್ತು ಕಾಣಿಸಿಕೊಂಡರೆ ಇನ್ನೊಂದು ಕಿಟ್‌ಗೆ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಅಲ್ಲಿ ರಕ್ತದ ಎಚ್‌ಸಿಜಿ ಪರೀಕ್ಷೆ ಮತ್ತು ಯೋನಿಯ ಮೂಲಕ ಮಾಡುವ ಅಲ್ಟ್ರಾಸೌಂಡ್ ಸ್ಕ್ಯಾನ್‌ನಿಂದ ಗರ್ಭದ ಸ್ಥಳವನ್ನು ಪತ್ತೆಹಚ್ಚಲಾಗುತ್ತದೆ.