ಕೆಲಸ ಬಿಡುವವರ ಪ್ರಾಜೆಕ್ಟ್ ಚಾಟ್: ಐಟಿ ತಂಡಕ್ಕೆ ಬರೆಯುವ ಇಮೇಲ್

ಉದ್ಯೋಗಿಯೊಬ್ಬರು ಕಂಪನಿ ಬಿಡುವ ಮುನ್ನ ಅವರ ಪ್ರಾಜೆಕ್ಟ್ ಚಾಟ್‌ಗಳ ಪ್ರತಿ ತೆಗೆದಿಡಲು ಐಟಿ ತಂಡಕ್ಕೆ ಇಮೇಲ್ ಹೋಗುತ್ತದೆ. ಅದನ್ನು ಸಾಮಾನ್ಯವಾಗಿ ಅವರ ಮ್ಯಾನೇಜರ್ ಬರೆಯುತ್ತಾರೆ. ಪ್ರತಿ ಸೇರಬೇಕಾದದ್ದು ಕಂಪನಿಗೆ, ಹೊರಡುವವರ ಸ್ವಂತ ಲ್ಯಾಪ್‌ಟಾಪಿಗಲ್ಲ.

ಮೈಕ್ರೋಸಾಫ್ಟ್ ಟೀಮ್ಸ್ ಬಳಸುವ ಕಂಪನಿಯಲ್ಲಿ ಚಾಟ್‌ನ ಮಾತು ಒಂದು ಕಡೆ, ಫೈಲು ಇನ್ನೊಂದು ಕಡೆ ಇರುತ್ತವೆ. ಚಾಟ್ ಸಂದೇಶಗಳ ಪ್ರತಿ ಅದರಲ್ಲಿರುವ ಪ್ರತಿಯೊಬ್ಬ ಉದ್ಯೋಗಿಯ ಮೇಲ್‌ಬಾಕ್ಸ್‌ನ ಗುಪ್ತ ಫೋಲ್ಡರಿನಲ್ಲಿ ಉಳಿಯುತ್ತದೆ. ಒಬ್ಬರು ಹೋದರೂ ಉಳಿದ ಸಹೋದ್ಯೋಗಿಗಳಿಗೆ ಮಾತು ಕಾಣುತ್ತಲೇ ಇರುತ್ತದೆ. ಚಾಟ್‌ನಲ್ಲಿ ಹಂಚಿದ ಫೈಲು ಮಾತ್ರ ಹಂಚಿದವರ ಒನ್‌ಡ್ರೈವ್‌ನಲ್ಲಿರುತ್ತದೆ; ಉಳಿದವರಿಗೆ ಸಿಗುವುದು ಅದರ ಲಿಂಕ್. ಖಾತೆ ಅಳಿಸಿದ ಮೇಲೆ, ಕಂಪನಿ ಬೇರೆ ಅವಧಿ ಗೊತ್ತುಮಾಡದಿದ್ದರೆ, ಒನ್‌ಡ್ರೈವ್ 30 ದಿನ ಉಳಿಯುತ್ತದೆ. ಆಮೇಲೆ ಲಿಂಕ್ ಒತ್ತಿದರೆ ಫೈಲು ತೆರೆಯುವುದಿಲ್ಲ. ಅದಕ್ಕೇ ಇಮೇಲ್‌ನಲ್ಲಿ ಸಂದೇಶಗಳನ್ನೂ ಫೈಲುಗಳನ್ನೂ ಬೇರೆ ಬೇರೆಯಾಗಿ ಕೇಳಬೇಕು.

ಐಟಿ ತಂಡದವರು ಮೈಕ್ರೋಸಾಫ್ಟ್ ಪರ್‌ವ್ಯೂನ ಇ-ಡಿಸ್ಕವರಿಯಲ್ಲಿ ಹುಡುಕುವುದು ಮೇಲ್‌ಬಾಕ್ಸ್, ದಿನಾಂಕ ಮತ್ತು ಪದಗಳ ಆಧಾರದಲ್ಲಿ. ‘ಅವರ ಪ್ರಾಜೆಕ್ಟ್ ಚಾಟ್ ಎಲ್ಲ ಬೇಕು’ ಎಂದರೆ ಪ್ರಾಜೆಕ್ಟ್ ಯಾವುದು, ಖಾಸಗಿ ಹರಟೆ ಯಾವುದು ಎಂದು ಅವರಿಗೆ ತಿಳಿಯದು. ಜೂನ್ 30ರಂದು ಕೆಲಸ ಬಿಡುವ ಎಂಜಿನಿಯರ್ ಒಬ್ಬರ ವಿಷಯದಲ್ಲಿ ಇಮೇಲ್ ಹೀಗಿರಬಹುದು:

‘ಬಿಲ್ಲಿಂಗ್ ಪ್ರಾಜೆಕ್ಟಿನ ನಮ್ಮ ಎಂಜಿನಿಯರ್ ಅವರ ಕೊನೆಯ ದಿನ ಜೂನ್ 30. “ಬಿಲ್ಲಿಂಗ್ ರಿಲೀಸ್” ಗ್ರೂಪ್ ಚಾಟ್ ಹಾಗೂ ಟೆಸ್ಟಿಂಗ್ ಲೀಡ್ ಜೊತೆಗಿನ ಅವರ ಚಾಟ್‌ನಲ್ಲಿ ಜನವರಿ 1ರಿಂದ ಜೂನ್ 30ರವರೆಗಿನ ಸಂದೇಶಗಳು ಬೇಕು. ಈ ಚಾಟ್‌ಗಳಲ್ಲಿ ಅವರು ಹಂಚಿದ ಫೈಲುಗಳನ್ನು ಪ್ರಾಜೆಕ್ಟಿನ ಶೇರ್‌ಪಾಯಿಂಟ್ ಫೋಲ್ಡರಿಗೆ ನಕಲು ಮಾಡಿಕೊಡಿ. ಬೇರೆ ಚಾಟ್‌ಗಳು ಬೇಡ. ಪ್ರತಿಯನ್ನು ನೋಡುವ ಅನುಮತಿ ನನಗೆ ಮತ್ತು ಹೊಸ ಲೀಡ್‌ಗೆ ಮಾತ್ರ ಇರಲಿ. ಎಚ್‌ಆರ್ ಒಪ್ಪಿಗೆ ಲಗತ್ತಿಸಿದೆ. ಜೂನ್ 24ರೊಳಗೆ ಮೊದಲ ಪ್ರತಿ ಸಿಕ್ಕರೆ ಪರಿಶೀಲಿಸಲು ಸಮಯವಿರುತ್ತದೆ. ಉಳಿದ ದಿನಗಳ ಸಂದೇಶಗಳನ್ನು ಕೊನೆಯ ದಿನದ ನಂತರ ಸೇರಿಸಿ. ಅಲ್ಲಿಯವರೆಗೆ ಖಾತೆ ಅಳಿಸಬೇಡಿ.’

ಇಲ್ಲಿ ಎಚ್‌ಆರ್ ಒಪ್ಪಿಗೆ ಬರಿಯ ಔಪಚಾರಿಕತೆಯಲ್ಲ. ಇಬ್ಬರ ನಡುವಿನ ಚಾಟ್ ತೆಗೆದರೆ ಹೊರಡದವರ ಮಾತೂ ಪ್ರತಿಯೊಳಗೆ ಬರುತ್ತದೆ. ಹೀಗಾಗಿ ಒಪ್ಪಿಗೆಯಿಲ್ಲದ ಕೋರಿಕೆಯನ್ನು ಐಟಿ ತಂಡ ಹಿಂದಕ್ಕೆ ಕಳಿಸಬಹುದು.

ಪ್ರತಿ ಕೈಸೇರಿದ ಮೇಲೆ ಮೊದಲ ಮತ್ತು ಕೊನೆಯ ಸಂದೇಶಗಳನ್ನು ಟೀಮ್ಸ್‌ನಲ್ಲಿರುವುದರ ಜೊತೆ ಹೋಲಿಸಬೇಕು. ಅದರಲ್ಲಿ ಸಮಯ ಯುಟಿಸಿಯಲ್ಲಿದ್ದರೆ ಭಾರತದ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದಿರುತ್ತದೆ: ಜನವರಿ 1ರ ಬೆಳಗಿನ ಜಾವ 4ರ ಸಂದೇಶ ಡಿಸೆಂಬರ್ 31ರ ರಾತ್ರಿ 10:30 ಎಂದು ಕಾಣುತ್ತದೆ. ಅಂಚಿನ ಸಂದೇಶಗಳು ತಪ್ಪದಂತೆ ಎರಡೂ ಕಡೆ ಒಂದೊಂದು ದಿನ ಹೆಚ್ಚು ಕೇಳುವುದು ಒಳ್ಳೆಯದು. ಕೊನೆಗೆ, ನಕಲಾದ ಫೈಲುಗಳನ್ನು ಹೊಸ ಲೀಡ್ ತಮ್ಮ ಖಾತೆಯಿಂದಲೇ ತೆರೆದು ನೋಡಬೇಕು. ಶೇರ್‌ಪಾಯಿಂಟ್ ಫೋಲ್ಡರಿನಲ್ಲಿರುವ ಲಿಂಕ್ ಈಗಲೂ ಹೊರಡುವವರ ಒನ್‌ಡ್ರೈವ್‌ಗೇ ಕರೆದೊಯ್ದರೆ ಆ ಫೈಲು ನಕಲಾಗಿಲ್ಲವೆಂದೇ ಅರ್ಥ.