ಹಗುರವಾದ ಸಹಿ

ಬ್ಯಾಂಕು ನೌಕರಿಗೆ ಅರ್ಜಿ ಹಾಕುವ ನಮ್ಮ ಹುಡುಗ ಹುಡುಗಿಯರಲ್ಲಿ ಅನೇಕರು ಪರೀಕ್ಷೆಗಿಂತ ಮೊದಲೇ ಎಡವುವುದು ಭಾವಚಿತ್ರವನ್ನೂ ಸಹಿಯನ್ನೂ ಏರಿಸುವ ಕಡೆ. ಐ.ಬಿ.ಪಿ.ಎಸ್. ಅರ್ಜಿಯ ಸೂಚನೆಯಂತೆ ಭಾವಚಿತ್ರ 200ಕ್ಕೆ 230 ಪಿಕ್ಸೆಲ್ ಇದ್ದು 20ರಿಂದ 50 ಕೆ.ಬಿ. ಒಳಗಿರಬೇಕು, ಸಹಿ 140ಕ್ಕೆ 60 ಪಿಕ್ಸೆಲ್ ಇದ್ದು 10ರಿಂದ 20 ಕೆ.ಬಿ. ಒಳಗಿರಬೇಕು. ಇಲ್ಲಿ ಎರಡು ಲೆಕ್ಕಗಳಿವೆಯೆಂಬುದನ್ನು ವಾಚಕರು ಗಮನಿಸಬೇಕು. ಪಿಕ್ಸೆಲ್ ಎಂದರೆ ಚಿತ್ರದ ಉದ್ದಗಲ; ಕೆ.ಬಿ. ಎಂದರೆ ಫೈಲಿನ ತೂಕ.

ಭಾವಚಿತ್ರದ ತೊಂದರೆ ಸಾಮಾನ್ಯವಾಗಿ ತೂಕ ಹೆಚ್ಚಾದುದು. ಅಂಚು ಕತ್ತರಿಸಿ ಕಿರಿದು ಮಾಡಿದರೆ ತೀರಿತು. ಸಹಿಯ ಕಥೆಯೇ ಬೇರೆ. ಅದು ತೂಕ ಸಾಲದೆ ಹಿಂದಿರುಗುತ್ತದೆ.

ನಮ್ಮ ನೆರೆಮನೆಯ ಹುಡುಗಿ ಒಂದು ಬ್ಯಾಂಕಿನ ಅರ್ಜಿ ತುಂಬುತ್ತಿದ್ದಳು. ಕೊನೆಯ ದಿನಾಂಕಕ್ಕೆ ಇನ್ನು ಒಂದೇ ದಿನ. “ಮಾಮಾ, ಎಷ್ಟು ಚಿಕ್ಕದು ಮಾಡಿದರೂ ತೆಗೆದುಕೊಳ್ಳುವುದಿಲ್ಲ” ಎಂದಳು. ನಾವು ನೋಡಿದಾಗ ಫೈಲು 4 ಕೆ.ಬಿ. ಮಾತ್ರ ಇದ್ದಿತು! ಜೆಪೆಗ್ ಫೈಲಿನಲ್ಲಿ ಬರಿಯ ಬಿಳಿ ಜಾಗಕ್ಕೆ ತೂಕವೇ ಇಲ್ಲವೆನ್ನಬಹುದು. ಸಹಿಯ ಕಾಗದವೋ ಬಹುಪಾಲು ಬಿಳಿ. ಹೇಳಿದ ಅಳತೆಗೆ ತಂದಷ್ಟೂ ತೂಕ 10ರ ಕೆಳಗೆ ಇಳಿಯುತ್ತದೆ.

ಸೂಚನೆಯನ್ನು ಪೂರ್ತಿ ಓದಿದರೆ ಬಿಡುಗಡೆಯ ದಾರಿ ಅದರಲ್ಲಿಯೇ ಇದೆ. ಪಿಕ್ಸೆಲ್ ಅಳತೆಯ ಮುಂದೆ preferred ಎಂದು ಬರೆದಿದೆ, ಅಂದರೆ ಹಾಗಿದ್ದರೆ ಒಳ್ಳೆಯದು ಎಂದಷ್ಟೇ. ಕೆ.ಬಿ. ಮಿತಿಯಲ್ಲಿ ಮಾತ್ರ ರಿಯಾಯಿತಿ ಇಲ್ಲ. ಆದುದರಿಂದ 7ಕ್ಕೆ 3ರ ಪ್ರಮಾಣವನ್ನು ಉಳಿಸಿಕೊಂಡು ಉದ್ದಗಲವನ್ನು ಹೆಚ್ಚಿಸಬೇಕು.

ಬಿಳಿ ಹಾಳೆಯ ಮೇಲೆ 7 ಸೆಂಟಿಮೀಟರ್ ಉದ್ದ, 3 ಸೆಂಟಿಮೀಟರ್ ಎತ್ತರದ ಚೌಕಟ್ಟನ್ನು ಪೆನ್ಸಿಲಿನಿಂದ ಎಳೆಸಿ, ಅದು ತುಂಬುವಂತೆ ಕಪ್ಪು ಶಾಯಿಯಲ್ಲಿ ಸಹಿ ಹಾಕಿಸಿದೆವು. ಸ್ಕ್ಯಾನ್ ಮಾಡಿ, ಗೆರೆಯ ಒಳಅಂಚಿಗೆ ಕತ್ತರಿಸಿ, Paint ಎಂಬುದರಲ್ಲಿ Resize ಒತ್ತಿ 280ಕ್ಕೆ 120 ಪಿಕ್ಸೆಲ್ ಮಾಡಿದೆವು. Properties ತೆರೆದು ನೋಡಿ “12 ಕೆ.ಬಿ., ಸರಿಹೋಯಿತು” ಎಂದು ಹುಡುಗಿ ಹಿಗ್ಗಿದಳು, ಅರ್ಜಿ ಮತ್ತೆ ಒಪ್ಪಲಿಲ್ಲ. ಅವಳು ಓದಿದ್ದು Size on disk ಎಂಬ ಸಾಲನ್ನು. ಅದು ಗಣಕಯಂತ್ರ ಫೈಲಿಗಾಗಿ ಕಾದಿರಿಸಿದ ಜಾಗ. ಸಾಮಾನ್ಯವಾಗಿ ನಾಲ್ಕು ನಾಲ್ಕು ಕೆ.ಬಿ.ಯಾಗಿ ಏರುತ್ತದೆ. ನಿಜವಾದ ತೂಕ ಮೇಲಿನ Size ಎಂಬ ಸಾಲಿನಲ್ಲಿರುತ್ತದೆ. ಅಲ್ಲಿ ಇದ್ದುದು 9.6.

ಆ ಕಿರಿದಾದ ಚಿತ್ರವನ್ನೇ ಹಿಗ್ಗಿಸಿದರೆ ಅಕ್ಷರ ಮಸುಕಾಗುತ್ತದೆ. ಮೂಲ ಸ್ಕ್ಯಾನಿನಿಂದ ಪುನಃ ಹೊರಟು 350ಕ್ಕೆ 150 ಮಾಡಿದೆವು. 13 ಕೆ.ಬಿ. ಬಂದಿತು, ಅರ್ಜಿ ಒಪ್ಪಿತು.

ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಹಾಕಿದ ಸಹಿಯನ್ನು ಮಾತ್ರ, ತೂಕ ಎಷ್ಟೇ ಸರಿಯಿರಲಿ, ಮಾನ್ಯ ಮಾಡುವುದಿಲ್ಲ. ಪರೀಕ್ಷೆಯ ದಿನ ಹಾಕುವ ಸಹಿಯೂ ಇದಕ್ಕೆ ಹೊಂದಬೇಕಾದುದರಿಂದ, ಅಂದವಾಗಿರಲೆಂದು ಹೊಸದೊಂದನ್ನು ಕಟ್ಟದೆ ಕೈಗೆ ರೂಢಿಯಾದುದನ್ನೇ ಹಾಕುವುದು ಮೇಲು.