ರಜೆಗೆ ಸಾಕಾಗುವಷ್ಟು, ಗುಟ್ಟು ಬಯಲಾಗದಷ್ಟು

ಕಾಯಿಲೆ ರಜೆಗೆಂದು ಡಾಕ್ಟರು ಬರೆದುಕೊಡುವ ಸರ್ಟಿಫಿಕೇಟು ಆಫೀಸಿನಲ್ಲಿ ಒಬ್ಬರ ಕೈಯಲ್ಲೇ ಉಳಿಯುವುದಿಲ್ಲ. ವಿಭಾಗದ ಮುಖ್ಯಸ್ಥರು ನೋಡುತ್ತಾರೆ, ಎಚ್‌ಆರ್‌ನವರು ನೋಡುತ್ತಾರೆ, ಸಂಬಳದ ಲೆಕ್ಕದವರು ಸ್ಕ್ಯಾನ್ ಮಾಡಿ ಫೈಲಿಗೆ ಸೇರಿಸುತ್ತಾರೆ. ಇವರಿಗೆ ಸಾಮಾನ್ಯವಾಗಿ ರೋಗದ ಹೆಸರು ಬೇಕಿಲ್ಲ. ವೈದ್ಯರು ನಿಜಕ್ಕೂ ಪರೀಕ್ಷಿಸಿದರೇ, ಯಾವ ದಿನದಿಂದ ಯಾವ ದಿನದವರೆಗೆ ಕೆಲಸ ಮಾಡಲಾಗದು, ಮರಳಿದ ಮೇಲೆ ಯಾವ ಕೆಲಸ ಕೊಡಬಾರದು ಎಂಬುದು ಗೊತ್ತಾದರೆ ಸಾಕು.

ತೊಡಕಿರುವುದು ನಮೂನೆಯಲ್ಲೇ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ವೃತ್ತಿ ನಡತೆಯ ನಿಯಮಗಳ ಜೊತೆ ಬರುವ ಸರ್ಟಿಫಿಕೇಟಿನಲ್ಲಿ ರೋಗಿ ಏನಿನಿಂದ ಬಳಲುತ್ತಿದ್ದಾರೆ ಎಂದು ಬರೆಯಲು ಜಾಗ ಬಿಟ್ಟಿದೆ; ಕಾಯಿಲೆಯ ಸ್ವರೂಪ, ಲಕ್ಷಣ, ಕಾರಣಗಳನ್ನೂ ತಿಳಿಸಬೇಕೆಂಬ ಟಿಪ್ಪಣಿಯಿದೆ. ಅದೇ ನಿಯಮಗಳು ಇನ್ನೊಂದೆಡೆ ರೋಗಿಯ ಗುಟ್ಟು ಬಿಟ್ಟುಕೊಡುವಂತಿಲ್ಲ ಎನ್ನುತ್ತವೆ. ನ್ಯಾಯಾಧೀಶರ ಆದೇಶ, ಗೊತ್ತಾದ ವ್ಯಕ್ತಿಗೋ ಸಮುದಾಯಕ್ಕೋ ಗಂಭೀರ ಅಪಾಯ, ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗ ಇವು ವಿನಾಯಿತಿಗಳು. ಕಂಪನಿಯ ಎಚ್‌ಆರ್ ಆ ಪಟ್ಟಿಯಲ್ಲಿಲ್ಲ. ಹಾಗಾಗಿ ಆ ಖಾಲಿ ಜಾಗದಲ್ಲಿ ಏನು ಬರೆಯಬೇಕೆಂದು ವೈದ್ಯರು ರೋಗಿಯನ್ನು ಕೇಳಿಯೇ ಬರೆಯುವುದು ಸರಿ ಎಂಬುದು ನನ್ನ ಅಭಿಪ್ರಾಯ.

ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಹುಬ್ಬಳ್ಳಿಯ ಖಾಸಗಿ ಕಂಪನಿಯೊಂದರ ಅಕೌಂಟ್ಸ್ ವಿಭಾಗದ ಮಹಿಳೆಗೆ ಒಂಬತ್ತನೇ ವಾರದಲ್ಲಿ ಗರ್ಭಪಾತವಾಗಿದೆ, ಗರ್ಭಕೋಶ ಸ್ವಚ್ಛಗೊಳಿಸುವ ಚಿಕಿತ್ಸೆಯೂ ಆಗಿದೆ. ಬಸುರಿ ಎಂಬುದೇ ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅವರು ತಮ್ಮ ಖಾತೆಯಲ್ಲಿರುವ ಕಾಯಿಲೆ ರಜೆಯಲ್ಲೇ ಎಂಟು ದಿನ ತೆಗೆದುಕೊಳ್ಳುವುದಾದರೆ ಸರ್ಟಿಫಿಕೇಟು ಹೀಗಿರಬಹುದು: "ಇವರನ್ನು ಜೂನ್ 10ರಂದು ಪರೀಕ್ಷಿಸಿದ್ದೇನೆ. ಚಿಕ್ಕ ಶಸ್ತ್ರಚಿಕಿತ್ಸೆಯ ಕಾರಣ ಜೂನ್ 10ರಿಂದ 17ರವರೆಗೆ ಕೆಲಸಕ್ಕೆ ಬರುವ ಸ್ಥಿತಿಯಲ್ಲಿಲ್ಲ. 18ರಿಂದ ಬರಬಹುದು. ನಂತರ ಎರಡು ವಾರ ಭಾರ ಎತ್ತುವ ಕೆಲಸ, ದೂರದ ಪ್ರಯಾಣ ಬೇಡ." ಇದರಲ್ಲಿ ಒಂದು ಸುಳ್ಳೂ ಇಲ್ಲ. ಗೋಡೌನಿನ ಸ್ಟಾಕ್ ಲೆಕ್ಕಕ್ಕೆ ಅವರನ್ನು ಕಳಿಸಬಾರದೆಂದು ಮ್ಯಾನೇಜರಿಗೂ ತಿಳಿಯುತ್ತದೆ.

ಇಲ್ಲಿ "ವೈರಲ್ ಜ್ವರ" ಎಂದು ಬರೆದು ಕೈತೊಳೆದುಕೊಳ್ಳುವ ಡಾಕ್ಟರುಗಳಿದ್ದಾರೆ. ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಅದು ಸುಳ್ಳು ಸರ್ಟಿಫಿಕೇಟು. ಅದೇ 2002ರ ನಿಯಮಗಳ ಪ್ರಕಾರ ವೃತ್ತಿ ದುರ್ನಡತೆ. ಹೆಸರು ಬಿಡುವುದು ಬೇರೆ, ಬೇರೆ ಹೆಸರು ಹಾಕುವುದು ಬೇರೆ. ದಿನಾಂಕದ ಮಾತೂ ಅಷ್ಟೇ. ರೋಗಿ ಬಂದದ್ದು 12ಕ್ಕೆ, ನೋವು ಶುರುವಾದದ್ದು 10ಕ್ಕೆ ಎಂದಾದರೆ "ರೋಗಿ ಹೇಳಿದಂತೆ 10ರಿಂದ, ನಾನು ನೋಡಿದ್ದು 12ರಂದು" ಎಂದೇ ಬರೆಯಬೇಕು.

ಅದೇ ಮಹಿಳೆಗೆ ಎಂಟು ದಿನ ಸಾಲದು ಎನ್ನೋಣ. ಹೆರಿಗೆ ಸೌಲಭ್ಯದ ಕಾನೂನು ಗರ್ಭಪಾತಕ್ಕೆ ಆರು ವಾರಗಳ ಸಂಬಳ ಸಹಿತ ರಜೆ ಕೊಡುತ್ತದೆ, ಆದರೆ ಪುರಾವೆ ಕೇಳುತ್ತದೆ. ಆಗ "ಚಿಕ್ಕ ಶಸ್ತ್ರಚಿಕಿತ್ಸೆ" ಎಂದರೆ ಅರ್ಜಿ ನಿಲ್ಲುವುದಿಲ್ಲ, ವಿಷಯ ಬರೆಯಲೇಬೇಕು. ಅಂದರೆ ಎಷ್ಟು ವಿವರ ಬೇಕೆಂಬುದು ಯಾವ ರಜೆ ಕೇಳುತ್ತೇವೆ ಎಂಬುದರ ಮೇಲೆ ನಿಂತಿದೆ. ಈ ಆಯ್ಕೆ ರೋಗಿಯದು. ಎರಡೂ ದಾರಿಗಳನ್ನು ಬಿಡಿಸಿ ಹೇಳುವುದು ಡಾಕ್ಟರ ಕೆಲಸ. ವಿವರ ಬರೆದರೂ ಅದು ಇಡೀ ಕಚೇರಿ ಸುತ್ತಬೇಕಿಲ್ಲ. ಮುಚ್ಚಿದ ಲಕೋಟೆಯಲ್ಲಿ ರಜೆ ಮಂಜೂರು ಮಾಡುವವರ ಹೆಸರಿಗೆ ಕೊಟ್ಟು, ವಿಭಾಗಕ್ಕೆ ಬರೀ ದಿನಾಂಕಗಳಿರುವ ಇನ್ನೊಂದು ಚೀಟಿ ಕೊಡಬಹುದು. ವೈದ್ಯಕೀಯವಾಗಿ ಗರ್ಭಪಾತ ಮಾಡಿಸಿಕೊಂಡ ಉದ್ಯೋಗಿ ಕೇಳಿದರೆ ವೈದ್ಯರು ರಜೆಗಾಗಿ ಸರ್ಟಿಫಿಕೇಟು ಕೊಡಬೇಕು, ಮಾಲೀಕರು ಆ ವಿಷಯವನ್ನು ಬೇರೆ ಯಾರಿಗೂ ಹೇಳಬಾರದು ಎಂದು 2003ರ ಗರ್ಭಪಾತ ನಿಯಮಗಳೇ ಹೇಳುತ್ತವೆ.

ಒಳಗಿನ ಸಾಲು ಎಚ್ಚರದಿಂದ ಬರೆದರೂ ಕಾಗದದ ತಲೆಬರಹ ಗುಟ್ಟು ಹೇಳಿಬಿಡುತ್ತದೆ. ಬಂಜೆತನ ಚಿಕಿತ್ಸಾ ಕೇಂದ್ರದ ಲೆಟರ್‌ಹೆಡ್, "ಮನೋವೈದ್ಯರು" ಎಂಬ ಸೀಲು ಕಂಡ ಮೇಲೆ ಓದುವವರಿಗೆ ಬೇರೇನೂ ಬೇಕಿಲ್ಲ. ದೊಡ್ಡ ಆಸ್ಪತ್ರೆಯಾದರೆ ವಿಭಾಗದ ಹೆಸರಿಲ್ಲದ ಸಾಮಾನ್ಯ ಲೆಟರ್‌ಹೆಡ್ ಕೇಳಿ ಪಡೆಯಬಹುದು. ಹೆಸರಿನ ಬದಲು ರೋಗದ ಕೋಡ್ ಹಾಕಿದರೂ ಪ್ರಯೋಜನವಿಲ್ಲ. ಮೊಬೈಲಿನಲ್ಲಿ ಹುಡುಕಿದರೆ ಅರೆಕ್ಷಣದಲ್ಲಿ ಸಿಗುತ್ತದೆ.

ಸರ್ಟಿಫಿಕೇಟು ಅಸಲಿಯೋ ಎಂಬ ಅನುಮಾನ ಕಂಪನಿಗೆ ಬರುವುದು ತಪ್ಪಲ್ಲ, ದುಡ್ಡಿಗೆ ಬರೆದುಕೊಡುವವರು ಇದ್ದೇ ಇದ್ದಾರೆ. ಅದಕ್ಕೇ ವೈದ್ಯರು ಸರ್ಟಿಫಿಕೇಟುಗಳ ರಿಜಿಸ್ಟರ್ ಇಡಬೇಕು, ಪ್ರತಿ ಉಳಿಸಿಕೊಳ್ಳಬೇಕು, ರೋಗಿಯ ಸಹಿ ಅಥವಾ ಹೆಬ್ಬೆಟ್ಟು, ಗುರುತಿನ ಮಚ್ಚೆ ನಮೂದಿಸಬೇಕು ಎಂಬ ನಿಯಮವಿದೆ. ಎಚ್‌ಆರ್‌ನವರು ಫೋನ್ ಮಾಡಿದರೆ ರಿಜಿಸ್ಟರ್ ನೋಡಿ "ಆ ಸರ್ಟಿಫಿಕೇಟು ನಾವೇ ಕೊಟ್ಟದ್ದು, ದಿನಾಂಕಗಳು ಸರಿಯಿವೆ" ಎನ್ನಬಹುದು. "ಏನಾಗಿತ್ತು ಡಾಕ್ಟ್ರೇ?" ಎಂದು ಮುಂದುವರಿಸಿದರೆ, ರೋಗಿ ಬರೆದುಕೊಟ್ಟ ಒಪ್ಪಿಗೆ ಕಳಿಸಿ ಎಂದು ಹೇಳಿ ಫೋನ್ ಇಡಬೇಕು.